ಗಟ್ಟಿ ಹಾಸಿಗೆಯೆಂಬ ನಂಬಿಕೆ ಮತ್ತು ನಮ್ಮ ಸೊಂಟನೋವು

ಈ ಸಲದ ಯುಗಾದಿ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ನನ್ನ ಮುಂದಿದ್ದ ಮೂವರು ಸೊಂಟನೋವಿನ ವಿಷಯ ಮಾತನಾಡುತ್ತಿದ್ದರು. ಒಬ್ಬರು ಸಾವಿರದ ಇನ್ನೂರು ಯೂರೋ ಕೊಟ್ಟು ಕೊಂಡ ಹಾಸಿಗೆಯನ್ನು ಶಪಿಸುತ್ತಿದ್ದರು. ಇನ್ನೊಬ್ಬರು, "ಅದನ್ನೆಲ್ಲ ಬಿಡಿ ಸಾರ್, ನೆಲದ ಮೇಲೆ ಒಂದು ಚಾಪೆ, ಅದರ ಮೇಲೊಂದು ಜಮಖಾನೆ. ನಮ್ಮ ಅಜ್ಜನಿಗೆ ತೊಂಬತ್ತರಲ್ಲೂ ಸೊಂಟ ನೆಟ್ಟಗಿತ್ತು" ಎಂದರು. ಮೂರನೆಯವರು ಮಾತನಾಡಲಿಲ್ಲ, ಎಡಗೈಯಿಂದ ಸೊಂಟ ಒತ್ತಿಕೊಂಡು ಕೋಸಂಬರಿಯ ಕಡೆಗೆ ಬಾಗಿದರು. ಜರ್ಮನಿಯ ಪುನಶ್ಚೇತನ ಚಿಕಿತ್ಸಾಲಯವೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಫಿಸಿಯೋಥೆರಪಿ ಮಾಡುತ್ತಿರುವ ನನಗೆ ಈ ಮಾತುಗಳು ಹೊಸವಲ್ಲ. ಆದರೆ ನಮ್ಮ ಜನರ ಬಾಯಲ್ಲಿ ಅವು ಒಂದು ವಿಶೇಷ ರೂಪ ತಾಳುತ್ತವೆ. ಹಾಸಿಗೆ ಗಟ್ಟಿಯಾದಷ್ಟೂ ಬೆನ್ನಿಗೆ ಒಳ್ಳೆಯದು, ಮೆತ್ತನೆಯದು ಸುಖಜೀವಿಗಳ ಲಕ್ಷಣ ಎಂಬ ನೈತಿಕ ತೀರ್ಪೊಂದು ಅವುಗಳ ಹಿಂದೆ ಇರುತ್ತದೆ. ವರ್ಷಾನುಗಟ್ಟಲೆಯ ಸೊಂಟನೋವಿರುವ ಬಹುಪಾಲು ಮಂದಿಯ ಮಟ್ಟಿಗೆ ಈ ತೀರ್ಪು ತಪ್ಪು ಎಂಬುದು ನನ್ನ ಅಭಿಪ್ರಾಯ. ಅದರ ಕಾರಣವನ್ನು ಹೇಳುವುದಕ್ಕಾಗಿ ಈ ಲೇಖನ.

ಈ ನಂಬಿಕೆಯನ್ನು ನೇರವಾಗಿ ಪರೀಕ್ಷಿಸಿದವರಿದ್ದಾರೆ. ಸ್ಪೇನ್ ದೇಶದ ಕೊವಾಚ್ ಮತ್ತು ಸಂಗಡಿಗರು 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೀರ್ಘಕಾಲದ ಸೊಂಟನೋವಿದ್ದ 313 ವಯಸ್ಕರ ಮನೆಗಳಿಗೆ ಹೊಸ ಹಾಸಿಗೆಗಳನ್ನು ಕೊಡಲಾಯಿತು. ಅರ್ಧದಷ್ಟು ಜನರಿಗೆ ಗಟ್ಟಿಯದು, ಉಳಿದವರಿಗೆ ಮಧ್ಯಮ ಗಟ್ಟಿಯದು. ಯಾರಿಗೆ ಯಾವುದು ಸಿಕ್ಕಿತೆಂಬುದನ್ನು ಮಲಗುವವರಿಗೂ ಹೇಳಲಿಲ್ಲ, ಅಳೆಯುವವರಿಗೂ ಹೇಳಲಿಲ್ಲ. ಒಂದು ಎಂದರೆ ಅತಿ ಗಟ್ಟಿ, ಹತ್ತು ಎಂದರೆ ಅತಿ ಮೆತ್ತಗೆ ಎಂಬ ಯುರೋಪಿನ ಮಾನದಂಡದಲ್ಲಿ ಗಟ್ಟಿ ಹಾಸಿಗೆ 2.3 ಇತ್ತು, ಮಧ್ಯಮದ್ದು 5.6 ಇತ್ತು. ತೊಂಬತ್ತು ದಿನಗಳ ನಂತರ ಎರಡೂ ಗುಂಪಿನವರ ನೋವು ಕಡಿಮೆಯಾಗಿತ್ತು. ಆದರೆ ಹಾಸಿಗೆಯಲ್ಲಿರುವಾಗಿನ ನೋವು, ಏಳುವಾಗಿನ ನೋವು, ದಿನದ ಕೆಲಸಗಳಿಗೆ ಆಗುವ ಅಡ್ಡಿ, ಈ ಮೂರರಲ್ಲೂ ಮಧ್ಯಮ ಹಾಸಿಗೆಯವರೇ ಮುಂದಿದ್ದರು. ಐದು ವರ್ಷಗಳ ನಂತರ ಡೆನ್ಮಾರ್ಕಿನಲ್ಲಿ 160 ರೋಗಿಗಳ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ನೀರಿನ ಹಾಸಿಗೆ, ಮೈಗೆ ಹೊಂದಿಕೊಳ್ಳುವ ಫೋಮ್ ಹಾಸಿಗೆ ಮತ್ತು ಗಟ್ಟಿ ಹಾಸಿಗೆಗಳನ್ನು ಒಂದು ತಿಂಗಳ ಕಾಲ ಹೋಲಿಸಿದರು. ಅಲ್ಲಿ ಕೂಡ ಗಟ್ಟಿಯದೇ ಹಿಂದೆ ಬಿತ್ತು. ಆದರೆ ವ್ಯತ್ಯಾಸ ಸಣ್ಣದು. ಈ ಕೊನೆಯ ವಾಕ್ಯವನ್ನು ಹಾಸಿಗೆ ಮಾರುವವರು ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತಿದ್ದೇನೆ.

ಗಟ್ಟಿ ಹಾಸಿಗೆ ಏಕೆ ಸೋಲುತ್ತದೆಂಬುದನ್ನು ತಿಳಿಯಲು ಮಗ್ಗುಲಾಗಿ ಮಲಗಿದ ಮನುಷ್ಯನೊಬ್ಬನನ್ನು ಬೆನ್ನ ಹಿಂದಿನಿಂದ ನೋಡಿದರೆ ಸಾಕು. ನಮ್ಮ ದೇಹ ಹಲಗೆಯಂತೆ ಸಮನಾಗಿಲ್ಲ. ಭುಜ ಅಗಲ, ನಡು ಕಿರಿದು, ನಿತಂಬ ಮತ್ತೆ ಅಗಲ. ನೆಲದಂತಹ ಗಟ್ಟಿ ಜಾಗದಲ್ಲಿ ಮಗ್ಗುಲಾದರೆ ಭಾರವೆಲ್ಲ ಭುಜ ಮತ್ತು ನಿತಂಬದ ಮೂಳೆಗಳ ಮೇಲೆ ನಿಲ್ಲುತ್ತದೆ. ನಡುವಿನ ಕೆಳಗೆ ಆಧಾರವೇ ಇರುವುದಿಲ್ಲ, ಎರಡು ಕಂಬಗಳ ನಡುವೆ ಕಟ್ಟಿದ ತೊಟ್ಟಿಲಿನಂತೆ ಅದು ಜೋಲುತ್ತದೆ. ಬೆನ್ನುಮೂಳೆ ಪಕ್ಕಕ್ಕೆ ಬಾಗಿದ ಸ್ಥಿತಿಯಲ್ಲಿಯೇ ಗಂಟೆಗಳು ಕಳೆಯುತ್ತವೆ. ಮೆತ್ತನೆಯ, ಗುಂಡಿ ಬಿದ್ದ ಹಾಸಿಗೆಯಲ್ಲಿ ಇದಕ್ಕೆ ವಿರುದ್ಧವಾದ ತೊಂದರೆಯಾಗುತ್ತದೆ. ದೇಹದ ಅತಿ ಭಾರದ ಭಾಗವಾದ ನಿತಂಬ ಉಳಿದುದೆಲ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ, ಮೈ ಹೊರಳಿಸುವುದಕ್ಕೆ ಪ್ರತಿ ಬಾರಿಯೂ ಬಾವಿಯಿಂದ ಮೇಲೆ ಬಂದಷ್ಟು ಶ್ರಮವಾಗುತ್ತದೆ. ನಿದ್ರೆಯಲ್ಲಿ ನಾವು ಒಂದು ರಾತ್ರಿಗೆ ಹತ್ತಾರು ಬಾರಿ ಮೈ ಹೊರಳಿಸುತ್ತೇವೆ, ಅದು ದೇಹ ತನಗೆ ತಾನೇ ಮಾಡಿಕೊಳ್ಳುವ ಚಿಕಿತ್ಸೆ. ಹಾಗಾಗಿ ಒಳ್ಳೆಯ ಹಾಸಿಗೆ ಎರಡು ಕೆಲಸ ಮಾಡಬೇಕು: ಭುಜ ಮತ್ತು ನಿತಂಬ ಒಂದಿಷ್ಟು ಇಳಿಯುವಂತೆ ಬಿಟ್ಟು ನಡುವನ್ನು ಮುಟ್ಟಬೇಕು, ಮತ್ತು ಹೊರಳುವಾಗ ಹಿಡಿದುಕೊಳ್ಳಬಾರದು.

ಹಾಗಾದರೆ ಅಜ್ಜನ ಚಾಪೆ? ಅಜ್ಜ ಅಂಗಾತ ಮಲಗುತ್ತಿದ್ದರು, ತೆಳ್ಳಗಿದ್ದರು, ಬಾಲ್ಯದಿಂದ ಅದೇ ಅಭ್ಯಾಸ. ಹಗಲೆಲ್ಲ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದರು, ಹೊಲಕ್ಕೆ ನಡೆಯುತ್ತಿದ್ದರು. ಅವರ ಸೊಂಟ ಚಾಪೆಯಿಂದ ನೆಟ್ಟಗಿರಲಿಲ್ಲ, ಚಾಪೆಯ ಹೊರತಾಗಿಯೂ ನೆಟ್ಟಗಿತ್ತು ಎಂದೇ ನಾನು ತಿಳಿಯುತ್ತೇನೆ. ಊರಿನಲ್ಲಿ 'ಆರ್ಥೋಪೆಡಿಕ್' ಎಂದು ಮಾರುವ ತೆಂಗಿನ ನಾರಿನ ಹಾಸಿಗೆಗಳ ಗಟ್ಟಿತನವೂ ಅದೇ ನಂಬಿಕೆಯ ಕೂಸು. ಆ ಪದಕ್ಕೆ ವೈದ್ಯಕೀಯವಾದ ಯಾವ ಖಚಿತ ಅರ್ಥವೂ ಇಲ್ಲ. ಇಲ್ಲಿನ ಅಂಗಡಿಗಳಲ್ಲಿ ಕಾಣುವ 'ಆರ್ಥೋಪೇಡಿಶ್' ಎಂಬ ಚೀಟಿಗೂ ಇಲ್ಲ.

ಈಗ ಒಬ್ಬರ ಕಥೆಯನ್ನು ಅವರ ಒಪ್ಪಿಗೆಯಿಂದ, ಹೆಸರಿಲ್ಲದೆ ಹೇಳುತ್ತೇನೆ. ನಮ್ಮ ಸಂಘದ ಸದಸ್ಯರು, ವಯಸ್ಸು 48, ತೂಕ 76 ಕಿಲೋ, ಕಂಪ್ಯೂಟರ್ ಮುಂದೆ ಕೂರುವ ಉದ್ಯೋಗ. ಎಂಟು ವರ್ಷಗಳ ಸೊಂಟನೋವು. ಕಾಲಿಗೆ ಇಳಿಯುವ ನೋವಿಲ್ಲ, ಮರಗಟ್ಟುವಿಕೆಯಿಲ್ಲ. ಎಂಆರ್‌ಐ ಚಿತ್ರದಲ್ಲಿ ಆ ವಯಸ್ಸಿನ ಅನೇಕರಲ್ಲಿ ನೋವಿಲ್ಲದೆಯೂ ಕಾಣಸಿಗುವ ಸವೆತವಷ್ಟೇ ಇತ್ತು. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಗುತ್ತದೆ, ಬಲಗೈ ಜೋಮು ಹಿಡಿದಿರುತ್ತದೆ, ಎದ್ದಮೇಲೆ ಇಪ್ಪತ್ತು ನಿಮಿಷ ನೆಟ್ಟಗೆ ನಿಲ್ಲಲಾಗುವುದಿಲ್ಲ. ಊರಿನಿಂದ ಅಮ್ಮ ಫೋನಿನಲ್ಲಿ ಹೇಳಿದರೆಂದು ಅತಿ ಗಟ್ಟಿಯದೆಂದು ಬರೆದಿದ್ದ ಹಾಸಿಗೆ ಕೊಂಡಿದ್ದರು. ಅದೂ ಸಾಲದೆಂದು ಮಂಚದ ಪಟ್ಟಿಗಳ ಮೇಲೆ ಪ್ಲೈವುಡ್ ಹಲಗೆಯೊಂದನ್ನು ಹಾಸಿದ್ದರು.

ಮೊದಲ ವಾರ ಏನನ್ನೂ ಬದಲಿಸಬೇಡಿ ಎಂದೆ. ಪ್ರತಿದಿನ ಬೆಳಗ್ಗೆ ಎರಡೇ ಸಂಖ್ಯೆ ಬರೆದಿಡಬೇಕು: ಏಳುವಾಗಿನ ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು, ಬಿಗಿತ ಬಿಡಲು ಎಷ್ಟು ನಿಮಿಷ. ಸೊಂಟನೋವು ತಾನಾಗಿಯೇ ಏರಿಳಿಯುವ ಕಾಯಿಲೆ. ನೋವು ತೀರ ಹೆಚ್ಚಿದ ವಾರದಲ್ಲಿ ಜನ ಹಾಸಿಗೆ ಕೊಳ್ಳುತ್ತಾರೆ, ಮುಂದಿನ ವಾರ ಅದು ಹೇಗಿದ್ದರೂ ಇಳಿಯುವುದಿರುತ್ತದೆ, ಹೆಸರು ಹಾಸಿಗೆಗೆ ಬರುತ್ತದೆ. ಬರೆದಿಟ್ಟ ಸಂಖ್ಯೆ ಈ ಮೋಸವನ್ನು ಪೂರ್ತಿ ತಡೆಯದಿದ್ದರೂ ಕಡಿಮೆ ಮಾಡುತ್ತದೆ. ಅವರ ಮೊದಲ ವಾರದ ಸರಾಸರಿ ಆರು.

ಅದೇ ವಾರ ಅವರ ಮಡದಿಯಿಂದ ಒಂದು ಚಿತ್ರ ತೆಗೆಸಿದೆವು. ಕತ್ತಿನ ಬುಡದಲ್ಲಿರುವ ಉಬ್ಬು ಮೂಳೆ, ಎರಡು ರೆಕ್ಕೆ ಮೂಳೆಗಳ ನಡುವೆ, ನಡುವಿನಲ್ಲಿ, ಬೆನ್ನಿನ ತೀರ ಕೆಳಗೆ, ಹೀಗೆ ಬೆನ್ನುಮೂಳೆಯ ಗುಂಟ ನಾಲ್ಕು ಕಡೆ ಬಣ್ಣದ ಕಾಗದದ ಚುಕ್ಕೆ ಅಂಟಿಸಿ, ಅವರು ಎಂದಿನಂತೆ ಮಗ್ಗುಲಾಗಿ ಮಲಗಿ ಹತ್ತು ನಿಮಿಷವಾದ ಮೇಲೆ ಹಿಂದಿನಿಂದ, ಹಾಸಿಗೆಯ ಮಟ್ಟದಲ್ಲಿ ಫೋನ್ ಹಿಡಿದು ತೆಗೆದ ಚಿತ್ರ. ನಾಲ್ಕು ಚುಕ್ಕೆಗಳೂ ಹಾಸಿಗೆಗೆ ಸಮಾಂತರವಾದ ಒಂದು ಗೆರೆಯಲ್ಲಿರಬೇಕು. ಅವರ ಚಿತ್ರದಲ್ಲಿ ನಡುವಿನ ಚುಕ್ಕೆ ಕೆಳಗೆ ಜೋತಿತ್ತು, ಭುಜ ಸ್ವಲ್ಪವೂ ಇಳಿದಿರಲಿಲ್ಲ. ಜೊತೆಗೆ ಮೇಲಿನ ಕಾಲು ಮುಂದಕ್ಕೆ ಬಿದ್ದು ಮೊಣಕಾಲು ಹಾಸಿಗೆಗೆ ತಾಗಿತ್ತು. ಹಾಗೆ ಬಿದ್ದ ಕಾಲು ಸೊಂಟವನ್ನು ತನ್ನೊಡನೆ ತಿರುಚುತ್ತದೆ. ಅಂಗಾತ ಮಲಗುವವರು ಚಿತ್ರದ ಬದಲು ಅಂಗೈ ಬಳಸಬಹುದು. ನಡುವಿನ ಕೆಳಗೆ ಅಂಗೈ ತಡೆಯಿಲ್ಲದೆ ಆಚೆಗೆ ಹೋದರೆ ಹಾಸಿಗೆ ಹೆಚ್ಚು ಗಟ್ಟಿ, ತೂರಿಸಲು ಜಾಗವೇ ಇಲ್ಲದಿದ್ದರೆ ಹೆಚ್ಚು ಮೆತ್ತಗೆ, ಸ್ವಲ್ಪ ಒತ್ತಿ ತೂರಿಸಿದರೆ ಹೋಗುವಂತಿದ್ದರೆ ಸರಿ. ಇದು ಅಂದಾಜಿನ ಲೆಕ್ಕ, ಆದರೆ ಅಂಗಡಿಯ ಚೀಟಿಗಿಂತ ನಂಬಬಹುದಾದ ಲೆಕ್ಕ.

ನಂತರ ಒಂದೊಂದಾಗಿ ಬದಲಾವಣೆ. ಮೊದಲು ಪ್ಲೈವುಡ್ ತೆಗೆದೆವು. ಒಂದು ವಾರ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಆಮೇಲೆ ಎರಡು ರಾತ್ರಿ ಹಾಸಿಗೆಯನ್ನು ಮಂಚದಿಂದಿಳಿಸಿ ನೆಲದ ಮೇಲೆಯೇ ಹಾಕಿ ಮಲಗಲು ಹೇಳಿದೆ. ನಮ್ಮಲ್ಲಿ ಈ ಪರೀಕ್ಷೆಯನ್ನು ಮಾಡುವವರು ಬಹಳ ಕಡಿಮೆ. ಇಲ್ಲಿನ ಮಂಚಗಳಲ್ಲಿ ಹಾಸಿಗೆಯ ಕೆಳಗೆ ಲಾಟನ್‌ರೋಸ್ಟ್ ಎಂಬ ಮರದ ಪಟ್ಟಿಗಳ ಚೌಕಟ್ಟಿರುತ್ತದೆ. ಪಟ್ಟಿಗಳು ಹಳೆಯದಾಗಿ ಸೊಂಟದ ಜಾಗದಲ್ಲಿ ಬಾಗಿದ್ದರೆ, ಮುರಿದಿದ್ದರೆ, ಅಥವಾ ಅವುಗಳ ನಡುವಿನ ಸಂದು ನಾಲ್ಕು ಸೆಂಟಿಮೀಟರಿಗಿಂತ ಅಗಲವಾಗಿ ಫೋಮ್ ಅದರೊಳಗೆ ಇಳಿಯುತ್ತಿದ್ದರೆ, ಎಂಥ ಹೊಸ ಹಾಸಿಗೆ ತಂದರೂ ಪ್ರಯೋಜನವಿಲ್ಲ. ನೆಲದ ಮೇಲೆ ಹಾಯೆನಿಸಿದರೆ ತಪ್ಪು ಚೌಕಟ್ಟಿನದು, ಹಾಸಿಗೆಯದಲ್ಲ. ನೆಲದ ಮೇಲೆ ಮಲಗಿದರೆ ಗುಣ ಎಂಬ ನಂಬಿಕೆಗೆ ಇಷ್ಟು ನಿಜ ಬೆರೆತಿದೆಯೆಂದು ನನಗನ್ನಿಸುತ್ತದೆ: ಜೋತ ಮಂಚದಿಂದ ಇಳಿದವನಿಗೆ ನೆಲ ಸ್ವರ್ಗ. ನಮ್ಮ ಸದಸ್ಯರಿಗೆ ಎರಡೂ ಕಡೆ ಒಂದೇ ನೋವಿತ್ತು. ಚೌಕಟ್ಟು ನಿರ್ದೋಷಿ.

ಮೂರನೆಯದಾಗಿ ಹಾಸಿಗೆಯ ಮೇಲೆ ಏಳು ಸೆಂಟಿಮೀಟರ್ ದಪ್ಪದ ಮೇಲ್ಹಾಸು, ಅಂಗಡಿಯ ಭಾಷೆಯಲ್ಲಿ ಟಾಪರ್. ಮೊದಲು ಅವರು ಮೆಮೊರಿ ಫೋಮಿನದನ್ನು ತರಲು ಹೊರಟಿದ್ದರು. ಅವರ ಮಲಗುವ ಕೋಣೆ ಚಳಿಗಾಲದಲ್ಲಿ ಹದಿನಾರು ಡಿಗ್ರಿ. ಆ ಫೋಮ್ ಶಾಖಕ್ಕೆ ಮೆದುವಾಗಿ ಚಳಿಗೆ ಬಿರುಸಾಗುವ ಜಾತಿಯದು. ತಣ್ಣನೆಯ ಕೋಣೆಯಲ್ಲಿ ಮಲಗಿದ ತಕ್ಷಣ ಹಲಗೆಯಂತಿರುತ್ತದೆ, ಮೈ ಶಾಖಕ್ಕೆ ನಿಧಾನವಾಗಿ ಗುಳಿಯಾಗುತ್ತದೆ, ಹೊರಳಿದಾಗ ಪಕ್ಕದ ಜಾಗ ಮತ್ತೆ ಬಿರುಸು. ಕಿಟಕಿ ತೆರೆದಿಟ್ಟು ಮಲಗುವ ಇಲ್ಲಿನ ಪದ್ಧತಿ ರೂಢಿಸಿಕೊಂಡವರು ಇದನ್ನು ನೆನಪಿಡಬೇಕು. ಹೀಗಾಗಿ ತಕ್ಷಣ ಪುಟಿದೇಳುವ ಲೇಟೆಕ್ಸ್ ಮೇಲ್ಹಾಸನ್ನು ತಂದರು. ಮೂರು ವಾರದಲ್ಲಿ ಸರಾಸರಿ ನಾಲ್ಕಕ್ಕೆ ಇಳಿಯಿತು, ಕೈ ಜೋಮು ಹಿಡಿಯುವುದು ನಿಂತಿತು. ಹೊಸ ಚಿತ್ರದಲ್ಲಿ ಭುಜ ಇಳಿದಿತ್ತು, ನಡುವಿನ ಚುಕ್ಕೆ ಬಹುತೇಕ ಗೆರೆಗೆ ಬಂದಿತ್ತು.

ಆದರೆ ಹೊಸದೊಂದು ತೊಂದರೆ ಹುಟ್ಟಿತು, ಕತ್ತು ನೋವು. ಭುಜ ಇಳಿದಮೇಲೆ ತಲೆಗೂ ಹಾಸಿಗೆಗೂ ನಡುವಿನ ಅಂತರ ಕಡಿಮೆಯಾಗಿರುತ್ತದೆ, ಹಳೆಯ ಎತ್ತರದ ದಿಂಬು ಈಗ ಕತ್ತನ್ನು ಮೇಲಕ್ಕೆ ಬಾಗಿಸುತ್ತಿತ್ತು. ಊರಿನಿಂದ ತಂದ ಬೂರುಗದ ಹತ್ತಿಯ ದಿಂಬು, ಭಾವನೆಯ ವಸ್ತು. ಅದರಿಂದ ಎರಡು ಹಿಡಿ ಹತ್ತಿ ತೆಗೆದು ಹೊಲಿಗೆ ಹಾಕಿದ ಮೇಲೆ ಕತ್ತು ಸರಿಹೋಯಿತು. ಹಾಸಿಗೆ ಬದಲಿಸಿದವರು ದಿಂಬನ್ನು ಮತ್ತೆ ಅಳೆಯಬೇಕೆಂಬುದನ್ನು ನಾನು ಕೂಡ ಅವರಿಗೆ ಮೊದಲೇ ಹೇಳಬೇಕಿತ್ತು.

ಇನ್ನು ಭಂಗಿಯ ಮಾತು. ಇಲ್ಲಿ ನಾನು ಸ್ವಲ್ಪ ದನಿ ತಗ್ಗಿಸಿ ಮಾತನಾಡುತ್ತೇನೆ, ಏಕೆಂದರೆ ಹಾಸಿಗೆಯ ಗಟ್ಟಿತನಕ್ಕಿರುವಷ್ಟು ನೇರ ಆಧಾರ ಭಂಗಿಯ ಉಪದೇಶಕ್ಕಿಲ್ಲ. ನಿದ್ರೆ ಹತ್ತಿದ ಮೇಲೆ ಭಂಗಿ ನಮ್ಮ ಕೈಯಲ್ಲಿರುವುದೂ ಇಲ್ಲ. ಮಲಗುವ ಹೊತ್ತಿನ ಮೊದಲ ಭಂಗಿಯನ್ನು ಮತ್ತು ರಾತ್ರಿ ಎಚ್ಚರವಾದಾಗ ಮರಳುವ ಭಂಗಿಯನ್ನು ಮಾತ್ರ ನಾವು ಆರಿಸಬಹುದು. ಮಗ್ಗುಲಾಗಿ ಮಲಗುವವರು ಮೊಣಕಾಲುಗಳನ್ನು ಸ್ವಲ್ಪ ಮಡಿಸಿ ನಡುವೆ ದಿಂಬಿಟ್ಟುಕೊಂಡರೆ ಮೇಲಿನ ಕಾಲು ಬೀಳುವುದು ತಪ್ಪುತ್ತದೆ. ದಿಂಬು ಮೊಣಕಾಲಿನಿಂದ ಕಣಕಾಲಿನವರೆಗೂ ಉದ್ದವಿರಬೇಕು. ಬರೀ ಮೊಣಕಾಲಿನ ನಡುವೆ ಸಣ್ಣದೊಂದನ್ನು ಸಿಕ್ಕಿಸಿದರೆ ಪಾದ ಕೆಳಗೆ ಜೋತು ತೊಡೆ ಒಳಕ್ಕೆ ತಿರುಗುತ್ತದೆ. ಅಂಗಾತ ಮಲಗುವವರು ಮೊಣಕಾಲುಗಳ ಕೆಳಗೆ ದಿಂಬಿಟ್ಟರೆ ಸೊಂಟದ ಮುಂಭಾಗದ ಸ್ನಾಯುಗಳ ಎಳೆತ ಸಡಿಲಗೊಂಡು ನಡು ಹಾಸಿಗೆಗೆ ಹತ್ತಿರವಾಗುತ್ತದೆ. ಬೋರಲು ಮಲಗುವುದು ಅನೇಕರಿಗೆ ಒಗ್ಗದು, ನಡು ಒಳಕ್ಕೆ ಬಾಗುತ್ತದೆ, ಕತ್ತು ಇಡೀ ರಾತ್ರಿ ಒಂದೇ ಕಡೆ ತಿರುಗಿರುತ್ತದೆ. ಬಿಡಲಾಗದವರು ತೆಳುವಾದ ದಿಂಬೊಂದನ್ನು ಹೊಟ್ಟೆಯ ಕೆಳಗಿಟ್ಟು, ತಲೆಯ ದಿಂಬನ್ನು ಬಿಟ್ಟುನೋಡಬಹುದು. ಆದರೆ ನಲವತ್ತು ವರ್ಷ ಬೋರಲು ಮಲಗಿ ಬೆಳಗ್ಗೆ ಹಾಯಾಗಿ ಏಳುವವರನ್ನು ಬದಲಿಸಲು ನಾನು ಹೋಗುವುದಿಲ್ಲ. ಎಲ್ಲರಿಗೂ ಸರಿಯಾದ ಒಂದೇ ಭಂಗಿ ಎಂಬುದಿಲ್ಲ. ಬೆನ್ನುಹುರಿಯ ದಾರಿ ಕಿರಿದಾಗಿರುವ ಹಿರಿಯರಿಗೆ ಮುದುರಿಕೊಂಡು ಮಲಗಿದರೆ ಆರಾಮ, ಮುಂದಕ್ಕೆ ಬಾಗಿದರೆ ನೋವು ಹೆಚ್ಚುವವರಿಗೆ ಅದೇ ಮುದುರುವಿಕೆ ಶತ್ರು. ಎಡಮಗ್ಗುಲಿಗೇ ಮಲಗಬೇಕೆಂಬ ಹಿರಿಯರ ಮಾತು ಹುಳಿತೇಗು, ಎದೆಯುರಿ ಇರುವವರಿಗೆ ನಿಜಕ್ಕೂ ಉಪಕಾರಿ. ಸೊಂಟಕ್ಕೆ ಮಾತ್ರ ಎಡಬಲದ ಭೇದವಿಲ್ಲ.

ನಮ್ಮ ಸದಸ್ಯರಿಗೆ ಕಾಲುದಿಂಬಿನಿಂದ ಸರಾಸರಿ ಮೂರೂವರೆಗೆ ಬಂದು ಅಲ್ಲಿಯೇ ನಿಂತಿತು. ಆಗ ಬೆಳಗಿನ ದಿನಚರಿಯನ್ನು ಕೇಳಿದೆ. ಎದ್ದ ಹತ್ತು ನಿಮಿಷದಲ್ಲಿ ಬಾಗಿ ಪಾತ್ರೆ ತೊಳೆಯುವ ಯಂತ್ರ ಖಾಲಿ ಮಾಡುವುದು, ಮಗಳ ಶಾಲೆಯ ಚೀಲ ಎತ್ತುವುದು, ಬಗ್ಗಿ ಶೂ ಕಟ್ಟುವುದು. ಬೆನ್ನುಮೂಳೆಗಳ ನಡುವಿನ ಡಿಸ್ಕುಗಳು ರಾತ್ರಿ ಭಾರವಿಲ್ಲದಿರುವಾಗ ನೀರು ಹೀರಿ ಉಬ್ಬುತ್ತವೆ, ಬೆಳಗ್ಗೆ ನಾವು ಸಂಜೆಗಿಂತ ಒಂದು ಸೆಂಟಿಮೀಟರಿಗೂ ಹೆಚ್ಚು ಎತ್ತರವಿರುತ್ತೇವೆ. ಉಬ್ಬಿದ ಡಿಸ್ಕಿನ ಮೇಲೆ ಮುಂದಕ್ಕೆ ಬಾಗುವುದು ಹೆಚ್ಚು ಒತ್ತಡ ತರುತ್ತದೆ. ಅಮೆರಿಕದ ಸ್ನೂಕ್ ಮತ್ತು ಸಂಗಡಿಗರು 1998ರಲ್ಲಿ, ದೀರ್ಘಕಾಲದ ಸೊಂಟನೋವಿನವರು ಎದ್ದ ಮೊದಲ ಎರಡು ಗಂಟೆ ಮುಂದಕ್ಕೆ ಬಾಗುವುದನ್ನು ತಪ್ಪಿಸಿದರೆ ನೋವು ಕಡಿಮೆಯಾಗುತ್ತದೆಂದು ತೋರಿಸಿದ್ದಾರೆ. ಅಂದರೆ ನಾವು ಹಾಸಿಗೆಯ ಮೇಲೆ ಹೊರಿಸುವ ಬೆಳಗಿನ ನೋವಿನಲ್ಲಿ ಒಂದು ಪಾಲು ಹಾಸಿಗೆಯಿಂದ ಎದ್ದ ಮೇಲೆ ನಾವು ಮಾಡುವ ಕೆಲಸಗಳದ್ದು. ನಮ್ಮ ಸದಸ್ಯರು ಪಾತ್ರೆಯ ಕೆಲಸವನ್ನು ಸಂಜೆಗೆ ವರ್ಗಾಯಿಸಿದರು, ಶೂ ಕಟ್ಟಲು ಕಾಲನ್ನು ಕುರ್ಚಿಯ ಮೇಲಿಟ್ಟರು. ಏಳುವಾಗ ಅಂಗಾತ ಇದ್ದಲ್ಲಿಂದ ನೇರವಾಗಿ ಏಳದೆ, ಪೂರ್ತಿ ಮಗ್ಗುಲಿಗೆ ತಿರುಗಿ, ಕಾಲುಗಳನ್ನು ಮಂಚದಿಂದ ಇಳಿಬಿಡುತ್ತಲೇ ಕೈಯೂರಿ ಮೈ ಎತ್ತುವುದನ್ನು ಕಲಿತರು. ಬಲಮಗ್ಗುಲಿಗೆ ತಿರುಗಿ ಏಳು ಎಂದು ಅಜ್ಜಿ ಹೇಳುತ್ತಿದ್ದುದು ಇದನ್ನೇ ಅಲ್ಲವೇ ಎಂದು ಅವರು ಕೇಳಿದರು. ಕಾರಣ ಬೇರೆಯಿದ್ದಿರಬಹುದು, ಚಲನೆ ಅದೇ.

ಮೂರು ತಿಂಗಳ ಕೊನೆಗೆ ಸರಾಸರಿ ಎರಡರಿಂದ ಮೂರರ ನಡುವೆ. ನೋವು ಹೋಗಲಿಲ್ಲ, ಹೋಗುತ್ತದೆಂದು ನಾನು ಹೇಳಿಯೂ ಇರಲಿಲ್ಲ. ಹೊಸ ಹಾಸಿಗೆಯನ್ನು ಅವರು ಕೊಳ್ಳಲೇ ಇಲ್ಲ. ಖರ್ಚಾದದ್ದು ಮೇಲ್ಹಾಸಿನ ಬೆಲೆ ಮಾತ್ರ. ಉಳಿದ ನೋವಿಗೆ ಹಗಲಿನ ಚಿಕಿತ್ಸೆಯೇ ಬೇಕು: ನಡಿಗೆ, ಸ್ನಾಯುಗಳ ವ್ಯಾಯಾಮ, ಕೂರುವ ಹೊತ್ತನ್ನು ಒಡೆಯುವುದು.

ಈ ಉಪಾಯ ಗಟ್ಟಿ ಹಾಸಿಗೆಗೆ ಮಾತ್ರ ಒಪ್ಪುತ್ತದೆಂಬುದನ್ನು ಗಮನಿಸಬೇಕು. ಹಾಸಿಗೆ ಗುಂಡಿ ಬಿದ್ದಿದ್ದರೆ ಮೇಲ್ಹಾಸು ಅದೇ ಗುಂಡಿಯೊಳಗೆ ಇಳಿಯುತ್ತದೆ. ಪೊರಕೆಯ ಉದ್ದನೆಯ ಹಿಡಿಯನ್ನು ಹಾಸಿಗೆಯ ಅಡ್ಡಕ್ಕೆ ಇಟ್ಟು ನೋಡಿ. ಯಾರೂ ಮಲಗಿಲ್ಲದಾಗಲೂ ಕೋಲಿನ ಕೆಳಗೆ ಎರಡು ಸೆಂಟಿಮೀಟರಿಗಿಂತ ಹೆಚ್ಚು ಹಳ್ಳ ಕಂಡರೆ ಆ ಹಾಸಿಗೆಯ ಕಾಲ ಮುಗಿದಿದೆ ಎಂದು ನನ್ನ ಲೆಕ್ಕ. ಅದಕ್ಕೆ ಪ್ಲೈವುಡ್ ಕೊಟ್ಟರೂ ಉಪಯೋಗವಿಲ್ಲ, ಏಕೆಂದರೆ ಕುಸಿದಿರುವುದು ಹಾಸಿಗೆಯ ಒಡಲೇ.

ಕೊಳ್ಳಲೇಬೇಕಾದವರಿಗೆ ಒಂದೆರಡು ಮಾತು. ಇಲ್ಲಿನ ಹಾಸಿಗೆಗಳ ಮೇಲೆ ಎಚ್1ರಿಂದ ಎಚ್5ರವರೆಗೆ ಗಟ್ಟಿತನದ ಗುರುತಿರುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ಗಟ್ಟಿ, ಅಂದರೆ ಮೇಲೆ ಹೇಳಿದ ಸ್ಪೇನಿನ ಅಧ್ಯಯನದ ಮಾನದಂಡಕ್ಕೆ ತಲೆಕೆಳಗು. ಸುಮಾರು 80 ಕಿಲೋದವರೆಗೆ ಎಚ್2, ಅದಕ್ಕಿಂತ ಮೇಲಿದ್ದರೆ ಎಚ್3 ಎಂಬ ತೂಕದ ಕೋಷ್ಟಕವನ್ನು ಅಂಗಡಿಯವರು ತೋರಿಸುತ್ತಾರೆ. ಈ ಗುರುತುಗಳಿಗೆ ಎಲ್ಲ ತಯಾರಕರೂ ಪಾಲಿಸಬೇಕಾದ ಒಂದು ನಿಯಮವಿಲ್ಲ, ಒಬ್ಬರ ಎಚ್2 ಇನ್ನೊಬ್ಬರ ಎಚ್3ಕ್ಕಿಂತ ಗಟ್ಟಿಯಾಗಿರಬಹುದು. ಕೋಷ್ಟಕಕ್ಕೆ ತೂಕ ಗೊತ್ತು, ಭುಜದ ಅಗಲ ಗೊತ್ತಿಲ್ಲ, ನೀವು ಹೇಗೆ ಮಲಗುತ್ತೀರೆಂಬುದೂ ಗೊತ್ತಿಲ್ಲ. ಶ್ಟಿಫ್ಟುಂಗ್ ವಾರೆನ್‌ಟೆಸ್ಟ್ ಸಂಸ್ಥೆಯ ಪರೀಕ್ಷೆಗಳು ಬೇರೆ ಬೇರೆ ಮೈಕಟ್ಟಿಗೆ, ಮಗ್ಗುಲು ಮತ್ತು ಅಂಗಾತ ಭಂಗಿಗಳಿಗೆ ಪ್ರತ್ಯೇಕವಾಗಿ ಅಂಕ ಕೊಡುತ್ತವೆ. ಸ್ವಲ್ಪ ಹಣ ಕೊಟ್ಟು ಆ ಪಟ್ಟಿಯನ್ನು ಓದುವುದು ಲಾಭದ ವ್ಯವಹಾರ. ಫೋಮ್ ಹಾಸಿಗೆಯಲ್ಲಿ ಸಾಂದ್ರತೆಯನ್ನೂ ಕೇಳಿ. ಘನ ಮೀಟರಿಗೆ 40 ಕಿಲೋ ಅಥವಾ ಹೆಚ್ಚಿದ್ದರೆ ಬಾಳಿಕೆ ಚೆನ್ನ. ಸಾಂದ್ರತೆ ಹೇಳುವುದು ಬಾಳಿಕೆಯನ್ನು, ಗಟ್ಟಿತನವನ್ನಲ್ಲ. ಸರ್ಕಾರಿ ಆರೋಗ್ಯ ವಿಮೆ ಹಾಸಿಗೆಯನ್ನು ನಿತ್ಯಬಳಕೆಯ ವಸ್ತುವೆಂದೇ ಪರಿಗಣಿಸುವುದರಿಂದ ಸಾಮಾನ್ಯವಾಗಿ ಹಣ ಕೊಡುವುದಿಲ್ಲ.

ಅಂಗಡಿಯಲ್ಲಿ ಐದು ನಿಮಿಷ ಮಲಗಿ ನೋಡುವುದು ಮದುವೆಗೆ ಮುನ್ನ ಹುಡುಗನನ್ನು ಉಪ್ಪಿಟ್ಟಿನ ತಟ್ಟೆಯ ಮುಂದೆ ನೋಡಿದಂತೆ. ಮನೆಗೆ ತಂದು ತಿಂಗಳು ಮಲಗಿದ ಮೇಲೆಯೇ ಗುಣ ತಿಳಿಯುವುದು. ಆದ್ದರಿಂದ ಹಿಂದಿರುಗಿಸುವ ಹಕ್ಕನ್ನು ನಾನು ಗಟ್ಟಿತನಕ್ಕಿಂತ ಮೊದಲು ನೋಡುತ್ತೇನೆ. ಅಂತರ್ಜಾಲದಲ್ಲಿ ಕೊಂಡ ಹಾಸಿಗೆಯ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆದ ಮೇಲೂ 14 ದಿನದೊಳಗೆ ಹಿಂದಿರುಗಿಸುವ ಹಕ್ಕು ಉಳಿಯುತ್ತದೆಂದು ಯುರೋಪಿನ ನ್ಯಾಯಾಲಯ 2019ರ ಮಾರ್ಚ್ 27ರಂದು ತೀರ್ಪಿತ್ತಿದೆ. ಜರ್ಮನಿಯಿಂದಲೇ ಹೋದ ಮೊಕದ್ದಮೆ ಅದು. ಹಾಸಿಗೆಯನ್ನು ಬಟ್ಟೆಯಂತೆ ತೊಳೆದು ಮತ್ತೆ ಮಾರಬಹುದೆಂಬುದು ನ್ಯಾಯಾಲಯದ ತರ್ಕ. ಅಂಗಡಿಗೆ ಹೋಗಿ ಕೊಂಡದ್ದಕ್ಕೆ ಈ ಹಕ್ಕು ತಾನಾಗಿ ಬರುವುದಿಲ್ಲ, ಮಾರಾಟಗಾರನಿಂದ ಬರವಣಿಗೆಯಲ್ಲಿ ಪಡೆಯಬೇಕು. ಹದಿನಾಲ್ಕು ದಿನವೂ ಸಾಲದು, ತಿಂಗಳು ಅಥವಾ ನೂರು ರಾತ್ರಿ ಮಲಗಿ ನೋಡಲು ಬಿಡುವವರಿದ್ದಾರೆ, ಅಂಥವರಲ್ಲಿ ಕೊಳ್ಳಿ.

ದಂಪತಿಗಳಿಗೆ ನನ್ನದೊಂದು ಪಕ್ಷಪಾತದ ಸಲಹೆ. ಒಂದು ಮಂಚದಲ್ಲಿ ಎರಡು ಬಿಡಿ ಹಾಸಿಗೆ ಹಾಕುವ ಜರ್ಮನರ ಪದ್ಧತಿಯನ್ನು ನಾವು ನಗೆಯಾಡುತ್ತೇವೆ. ನಡುವಿನ ಸಂದಿಗೆ ಅವರೇ 'ಅತಿಥಿಯ ಬಿರುಕು' ಎಂದು ಹೆಸರಿಟ್ಟಿದ್ದಾರೆ, ನಮ್ಮ ಮನೆಗಳಲ್ಲಿ ಆ ಅತಿಥಿ ಎಂದರೆ ರಾತ್ರಿ ಎದ್ದು ಬರುವ ಮಗು. ಆದರೆ 58 ಕಿಲೋದ ಹೆಂಡತಿಗೂ 90 ಕಿಲೋದ ಗಂಡನಿಗೂ ಒಂದೇ ಹಾಸಿಗೆ ಸರಿಹೋಗುವುದು ದೈವಯೋಗ. ಹೆಚ್ಚಿನ ಮನೆಗಳಲ್ಲಿ ಅವನಿಗೆ ಸರಿಯಾದುದನ್ನು ಕೊಂಡು ಅವಳು ಸುಮ್ಮನಿರುತ್ತಾಳೆ, ನನ್ನ ಬಳಿ ಬರುವವಳು ಅವಳು.

ಹಾಸಿಗೆಯ ಗೊಡವೆಯನ್ನೇ ಬಿಟ್ಟು ವೈದ್ಯರಲ್ಲಿಗೆ ಹೋಗಬೇಕಾದ ನೋವುಗಳನ್ನೂ ಇಲ್ಲಿಯೇ ಹೇಳಬೇಕು. ಮೂವತ್ತೊಂದರ ತರುಣನೊಬ್ಬ ಎರಡು ವರ್ಷದಲ್ಲಿ ಮೂರು ಹಾಸಿಗೆ ಬದಲಿಸಿ ನನ್ನಲ್ಲಿಗೆ ಬಂದಿದ್ದ. ರಾತ್ರಿಯ ಎರಡನೆಯ ಅರ್ಧದಲ್ಲಿ ಎಚ್ಚರ, ಬೆಳಗ್ಗೆ ಒಂದು ಗಂಟೆಯ ಬಿಗಿತ, ಓಡಾಡಿದರೆ ಕಡಿಮೆ, ವಿಶ್ರಾಂತಿಯಿಂದ ಹೆಚ್ಚು. ಅದು ಹಾಸಿಗೆಯ ನೋವಾಗಿರಲಿಲ್ಲ, ಬೆನ್ನುಮೂಳೆಯ ಉರಿಯೂತವಾಗಿತ್ತು, ಸಂಧಿವಾತ ತಜ್ಞರ ಔಷಧದಿಂದ ಹತೋಟಿಗೆ ಬಂತು. ನಲವತ್ತೈದರೊಳಗೆ ಶುರುವಾಗಿ ಮೂರು ತಿಂಗಳು ಮೀರಿದ, ಅರ್ಧ ಗಂಟೆಗಿಂತ ಹೆಚ್ಚು ಬೆಳಗಿನ ಬಿಗಿತವಿರುವ ನೋವಿಗೆ ಮೊದಲು ಆ ಪರೀಕ್ಷೆಯಾಗಲಿ. ಯಾವ ಭಂಗಿಯಲ್ಲೂ ತಗ್ಗದ ರಾತ್ರಿಯ ನೋವು, ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಹಿಂದೆ ಕ್ಯಾನ್ಸರ್ ಇದ್ದವರಲ್ಲಿ ಹೊಸದಾಗಿ ಬಂದ ಸೊಂಟನೋವು, ಇವುಗಳಿಗೂ ತಡ ಸಲ್ಲದು. ತೊಡೆಸಂದಿಯ ಸುತ್ತ ಸ್ಪರ್ಶ ಹೋಗಿದ್ದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದ್ದರೆ, ಅದೇ ರಾತ್ರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ಬೇಸಿಗೆಯಲ್ಲಿ ನನ್ನ ಅಮ್ಮ ಇಲ್ಲಿಗೆ ಬಂದಾಗ ಮೊದಲ ದಿನವೇ ಮಂಚ ಬೇಡವೆಂದು ನೆಲದ ಮೇಲೆ ಚಾಪೆ ಬಿಡಿಸಿದರು. ನಾನು ಇಷ್ಟೆಲ್ಲ ಬರೆಯುವವಳು, ತಡೆಯಲಿಲ್ಲ. ಎಪ್ಪತ್ತಮೂರರ ಅವರು ಅಂಗಾತ ಮಲಗುತ್ತಾರೆ, ನಡುವಿನ ಕೆಳಗೆ ನನ್ನ ಅಂಗೈ ಸರಿಯಾಗಿ ಒತ್ತಿ ಹೋಗುತ್ತದೆ, ಬೆಳಗ್ಗೆ ಸೊಂಟದಲ್ಲಿ ನೋವಿಲ್ಲ. ಅವರ ತೊಂದರೆ ನೆಲದಿಂದ ಏಳುವುದು, ಮೊಣಕಾಲು ಬಿಡುವುದಿಲ್ಲ. ನಾಲ್ಕನೆಯ ದಿನ ಚಾಪೆಯನ್ನು ಹಾಗೆಯೇ ಎತ್ತಿ ಮಂಚದ ಹಾಸಿಗೆಯ ಮೇಲೆ ಹಾಸಿಕೊಟ್ಟೆ. ಈಗ ಅದರ ಮೇಲೆ ಮಲಗಿ, "ನೋಡು, ನಾನು ಹೇಳಿರಲಿಲ್ವಾ, ಚಾಪೆಯೇ ಒಳ್ಳೇದು" ಎನ್ನುತ್ತಾರೆ.